ಹುಡುಕುವ ಮೊದಲೇ ಸಿದ್ಧವಾಗಿರುವ ಉತ್ತರ

ಕಂಪ್ಯೂಟರಿನ ಸರ್ಚ್ ಪೆಟ್ಟಿಗೆಯಲ್ಲಿ ‘ವಿಮೆ’ ಎಂದು ಬರೆದರೆ, ಆ ಪದವಿರುವ ಫೈಲುಗಳ ಪಟ್ಟಿ ಸೆಕೆಂಡಿನೊಳಗೆ ಬರುತ್ತದೆ. ಇಷ್ಟು ಬೇಗ ಉತ್ತರ ಕೊಡಲು ಯಂತ್ರ ಆ ಹೊತ್ತಿನಲ್ಲಿ ಒಂದು ಫೈಲನ್ನೂ ತೆರೆದು ಓದಿರುವುದಿಲ್ಲ. ಓದುವ ಕೆಲಸ ಮೊದಲೇ, ಬಿಡುವಿನ ವೇಳೆಯಲ್ಲಿ ಮುಗಿದಿರುತ್ತದೆ. ಓದಿದ್ದನ್ನೆಲ್ಲ ಒಂದು ಸೂಚಿಯಲ್ಲಿ ಬರೆದಿಡಲಾಗಿರುತ್ತದೆ. ಆಪರೇಟಿಂಗ್ ಸಿಸ್ಟಮ್ ಈ ಸೂಚಿಯನ್ನು ಹೇಗೆ ಕಟ್ಟುತ್ತದೆ, ಬಳಸುವವರ ಕೆಲಸಕ್ಕೆ ಅಡ್ಡಬಾರದೆ ಅದನ್ನು ಹೇಗೆ ತಾಜಾ ಇಡುತ್ತದೆ ಎಂಬುದನ್ನು ವಿಂಡೋಸ್‌ನ ವ್ಯವಸ್ಥೆಯಲ್ಲಿ ಸ್ಪಷ್ಟವಾಗಿ ಕಾಣಬಹುದು. ಆ್ಯಪಲ್‌ನ ಮ್ಯಾಕ್ ಕಂಪ್ಯೂಟರುಗಳಲ್ಲಿ 2005ರಿಂದ ಇರುವ ಸ್ಪಾಟ್‌ಲೈಟ್‌ನ ತತ್ವವೂ ಹೆಚ್ಚು ಕಡಿಮೆ ಇದೇ.

ಸೂಚಿಯೇ ಇಲ್ಲದಿದ್ದರೆ ಏನಾಗುತ್ತದೆ ಎಂದು ಲೆಕ್ಕ ಹಾಕಬಹುದು. ತಿರುಗುವ ತಟ್ಟೆಯ ಹಾರ್ಡ್ ಡಿಸ್ಕಿನಲ್ಲಿ ಒಂದು ಫೈಲಿನಿಂದ ಇನ್ನೊಂದು ಫೈಲಿಗೆ ಹೋಗಿ ಓದು ಶುರುಮಾಡಲು ಸುಮಾರು 10 ಮಿಲಿಸೆಕೆಂಡ್ ಬೇಕು. 50,000 ಫೈಲುಗಳಿದ್ದರೆ ಬರೀ ಈ ಓಡಾಟಕ್ಕೇ 500 ಸೆಕೆಂಡ್, ಅಂದರೆ ಎಂಟು ನಿಮಿಷಕ್ಕೂ ಹೆಚ್ಚು ಹಿಡಿಯುತ್ತದೆ. ಎಸ್‌ಎಸ್‌ಡಿಯಲ್ಲಿ ಈ ಓಡಾಟ ಇಲ್ಲವೆನ್ನುವಷ್ಟು ಕಡಿಮೆ. ಆದರೂ ಒಂದು ವರ್ಡ್ ಫೈಲ್ ಒಳಗೆ ಜಿಪ್ ಮಾಡಿದ ಕಟ್ಟು. ಅದನ್ನು ಬಿಚ್ಚಿ, ಅಲಂಕಾರದ ಸಂಕೇತಗಳನ್ನು ಕಳಚಿ, ಪದಗಳನ್ನು ಹೊರತೆಗೆಯುವ ಶ್ರಮ ಹಾಗೆಯೇ ಉಳಿಯುತ್ತದೆ. ಪ್ರತಿ ಹುಡುಕಾಟಕ್ಕೂ ಇಷ್ಟೂ ಕೆಲಸವನ್ನು ಮತ್ತೆ ಮಾಡುವುದರಲ್ಲಿ ಅರ್ಥವಿಲ್ಲ.

ಸೂಚಿಯ ರಚನೆ ಪುಸ್ತಕದ ಕೊನೆಯಲ್ಲಿರುವ ಪದಸೂಚಿಯಂತೆಯೇ ಇರುತ್ತದೆ. ಫೈಲಿನಲ್ಲಿ ಯಾವ ಪದಗಳಿವೆ ಎಂದು ಬರೆಯುವುದರ ಬದಲು, ಪದ ಯಾವ ಯಾವ ಫೈಲಿನಲ್ಲಿದೆ ಎಂದು ತಿರುವಿ ಬರೆಯಲಾಗುತ್ತದೆ. ಪ್ರತಿ ಫೈಲಿಗೂ ಒಂದು ಸಂಖ್ಯೆ ಸಿಗುತ್ತದೆ. ‘ವಿಮೆ’ ಎಂಬ ಪದದ ಎದುರು 12, 40, 518 ಎಂದಿದೆ, ‘ಅರ್ಜಿ’ಯ ಎದುರು 40, 77, 518, 900 ಎಂದಿದೆ ಎಂದುಕೊಳ್ಳೋಣ. ಎರಡೂ ಪದಗಳನ್ನು ಸೇರಿಸಿ ಹುಡುಕಿದಾಗ ಯಂತ್ರ ಈ ಎರಡು ಪಟ್ಟಿಗಳನ್ನು ಅಕ್ಕಪಕ್ಕದಲ್ಲಿಟ್ಟು ಸಾಮಾನ್ಯವಾದ ಸಂಖ್ಯೆಗಳನ್ನು ಆರಿಸುತ್ತದೆ: 40 ಮತ್ತು 518. ಎರಡೂ ಏರಿಕೆಯ ಕ್ರಮದಲ್ಲೇ ಇರುವುದರಿಂದ ಒಂದೇ ಸಲ ಮೇಲಿನಿಂದ ಕೆಳಗೆ ಸಾಗಿದರೆ ಸಾಕು. ಪದವು ಫೈಲಿನಲ್ಲಿ ಎಷ್ಟನೆಯ ಸ್ಥಾನದಲ್ಲಿದೆ ಎಂಬುದನ್ನೂ ಬರೆದಿಟ್ಟರೆ, ‘ಬೆಳೆ’ ಮತ್ತು ‘ವಿಮೆ’ ಒಂದರ ಬೆನ್ನಿಗೆ ಒಂದು ಬಂದಿವೆಯೇ ಎಂದೂ ಹೇಳಬಹುದು.

ಇಂಥ ಸೂಚಿಗಳು ಹೆಚ್ಚು ಜಾಗ ತಿನ್ನದಿರುವುದಕ್ಕೂ ಈ ಏರಿಕೆಯ ಕ್ರಮವೇ ಕಾರಣ. 5000, 5003, 5010 ಎಂದು ಪೂರ್ತಿ ಬರೆಯುವ ಬದಲು 5000, 3, 7 ಎಂದು ನಡುವಿನ ಅಂತರವನ್ನಷ್ಟೇ ಬರೆದರೆ ಸಾಕು. ಸಣ್ಣ ಸಂಖ್ಯೆಗೆ ಸಣ್ಣ ಜಾಗ. ಮೈಕ್ರೋಸಾಫ್ಟ್ ಹೇಳುವ ಪ್ರಕಾರ ಸೂಚಿಯ ಗಾತ್ರ ಸಾಮಾನ್ಯವಾಗಿ ಮೂಲ ಫೈಲುಗಳ ಗಾತ್ರದ ಶೇ. 10ಕ್ಕಿಂತ ಕಡಿಮೆ.

ಸೂಚಿಯನ್ನು ಒಮ್ಮೆ ಕಟ್ಟುವುದು ದೊಡ್ಡ ಸಂಗತಿಯಲ್ಲ. ಕಷ್ಟವಿರುವುದು ಅದನ್ನು ತಾಜಾ ಇಡುವುದರಲ್ಲಿ. ಯಾವ ಫೈಲ್ ಬದಲಾಗಿದೆ ಎಂದು ತಿಳಿಯಲು ಗಂಟೆಗೊಮ್ಮೆ ಡಿಸ್ಕನ್ನೆಲ್ಲ ತಡಕಿದರೆ ಕಂಪ್ಯೂಟರ್ ಸದಾ ಏದುಸಿರು ಬಿಡುತ್ತಿರುತ್ತದೆ. ಇದಕ್ಕೆ ಪರಿಹಾರ ಫೈಲುಗಳನ್ನು ಕಾಪಾಡುವ ಎನ್‌ಟಿಎಫ್‌ಎಸ್ ವ್ಯವಸ್ಥೆಯ ಒಳಗೇ ಇದೆ. ವಿಂಡೋಸ್ 2000ರೊಂದಿಗೆ ಅದಕ್ಕೆ ‘ಯುಎಸ್‌ಎನ್ ಜರ್ನಲ್’ ಎಂಬ ದಿನಚರಿ ಪುಸ್ತಕ ಸೇರಿತು. ಡ್ರೈವ್‌ನಲ್ಲಿ ಯಾವ ಫೈಲ್ ಹುಟ್ಟಿದರೂ, ಬದಲಾದರೂ, ಹೆಸರು ಬದಲಿಸಿಕೊಂಡರೂ, ಅಳಿಸಿಹೋದರೂ ಈ ಜರ್ನಲಿನ ಕೊನೆಗೆ ಒಂದು ನಮೂದು ಸೇರುತ್ತದೆ.

ರೈತರೊಬ್ಬರ ಮಗಳು ‘ಬೆಳೆ ವಿಮೆ ಅರ್ಜಿ.docx’ ಎಂಬ ಫೈಲನ್ನು ಡಾಕ್ಯುಮೆಂಟ್ಸ್ ಫೋಲ್ಡರಿನಲ್ಲಿ ಉಳಿಸುತ್ತಾಳೆ ಎಂದಿಟ್ಟುಕೊಂಡರೆ, ಆ ನಮೂದಿನಲ್ಲಿ ಇರುವುದು ಇಷ್ಟೇ: ಫೈಲಿನ ಗುರುತಿನ ಸಂಖ್ಯೆ, ಅದು ಇರುವ ಫೋಲ್ಡರಿನ ಸಂಖ್ಯೆ, ಹೊತ್ತು, ಬದಲಾವಣೆಯ ಬಗೆ ಮತ್ತು ಫೈಲಿನ ಹೆಸರು. ಒಳಗಿನ ಪಠ್ಯದ ಒಂದಕ್ಷರವೂ ಅಲ್ಲಿರುವುದಿಲ್ಲ. ಹೆಸರಿನ ಹೊರತಾದ ಭಾಗಕ್ಕೆ 60 ಬೈಟ್. ಹೆಸರಿನಲ್ಲಿ ಸ್ವರಚಿಹ್ನೆ, ಖಾಲಿ ಜಾಗ ಎಲ್ಲ ಸೇರಿ 20 ಸಂಕೇತಗಳಿವೆ. ಒಂದಕ್ಕೆ ಎರಡು ಬೈಟಿನಂತೆ 40. ಒಟ್ಟು ನೂರರ ಆಸುಪಾಸು. ಡಿಸ್ಕಿಗೆ ಇದು ಲೆಕ್ಕಕ್ಕೇ ಬಾರದ ಹೊರೆ. ಸೂಚಿ ಕಟ್ಟುವ ಸೇವೆ ತಾನು ಜರ್ನಲಿನಲ್ಲಿ ಎಲ್ಲಿಯವರೆಗೆ ಓದಿದ್ದೇನೆ ಎಂಬ ಸಂಖ್ಯೆಯನ್ನು ನೆನಪಿಟ್ಟುಕೊಂಡಿರುತ್ತದೆ. ಮುಂದಿನ ಸಲ ಅಲ್ಲಿಂದ ಓದು ಮುಂದುವರಿಸುತ್ತದೆ. ಕಂಪ್ಯೂಟರ್ ಆಫ್ ಆಗಿ ಮತ್ತೆ ಆನ್ ಆದರೂ ಎಳೆ ತಪ್ಪುವುದಿಲ್ಲ. ಇಡೀ ವ್ಯವಸ್ಥೆಯಲ್ಲಿ ಅತ್ಯಂತ ಜಾಣತನದ ಭಾಗ ಯಾವುದೆಂದರೆ ಈ ಜರ್ನಲ್ ಎನ್ನಬೇಕು. ಹುಡುಕಾಟವನ್ನು ಅಗ್ಗವಾಗಿಸಿದ್ದು ಇದೇ.

ನಮೂದು ಕಂಡ ಮೇಲೆ SearchIndexer.exe ಎಂಬ ಮುಖ್ಯ ಸೇವೆ ಆ ಫೈಲನ್ನು ಸರದಿಗೆ ಹಾಕುತ್ತದೆ. ಅದನ್ನು ತೆರೆಯುವ ಕೆಲಸ SearchProtocolHost.exe ಎಂಬುದರದ್ದು. ಪಠ್ಯವನ್ನು ಹೊರತೆಗೆಯುವುದು SearchFilterHost.exe. ಹೀಗೆ ಬೇರೆ ಬೇರೆ ಪ್ರೋಗ್ರಾಂಗಳಾಗಿ ಒಡೆದಿರುವುದಕ್ಕೆ ಗಟ್ಟಿ ಕಾರಣವಿದೆ. ಪಿಡಿಎಫ್‌ಗೆ ಒಂದು, ವರ್ಡ್‌ಗೆ ಒಂದು ಎಂಬಂತೆ ಪ್ರತಿ ಬಗೆಯ ಫೈಲಿಗೂ ‘ಫಿಲ್ಟರ್’ ಎಂಬ ಪ್ರತ್ಯೇಕ ಓದುಗ ಇರುತ್ತದೆ, ಮತ್ತು ಅಂತರ್ಜಾಲದಿಂದ ಇಳಿಸಿಕೊಂಡ ಕೆಟ್ಟ ಫೈಲೊಂದು ಆ ಓದುಗವನ್ನು ಕೆಡವಬಹುದು ಅಥವಾ ವಂಚಿಸಬಹುದು. ಅದಕ್ಕಾಗಿಯೇ ಫಿಲ್ಟರುಗಳು ತೀರ ಕಡಿಮೆ ಅಧಿಕಾರವಿರುವ ಪ್ರತ್ಯೇಕ ಪ್ರೋಗ್ರಾಂನೊಳಗೆ ನಡೆಯುತ್ತವೆ. ಅದು ಕುಸಿದುಬಿದ್ದರೂ ಸೂಚಿಗೆ ಧಕ್ಕೆಯಿಲ್ಲ.

ಫೈಲಿನ ಹೆಸರು, ದಿನಾಂಕ, ಗಾತ್ರ ತಿಳಿಯಲು ಫಿಲ್ಟರ್ ಬೇಕಿಲ್ಲ. ಅವು ಫೈಲ್ ವ್ಯವಸ್ಥೆಯಲ್ಲೇ ಸಿಗುತ್ತವೆ. ಆದ್ದರಿಂದ ಹೆಸರಿನ ಸೂಚಿ ಅಗ್ಗ, ಒಳಪಠ್ಯದ ಸೂಚಿ ದುಬಾರಿ. ವಿಂಡೋಸ್‌ನ ಸೆಟ್ಟಿಂಗ್‌ನಲ್ಲಿ ಪ್ರತಿ ಬಗೆಯ ಫೈಲಿಗೂ Index Properties Only ಮತ್ತು Index Properties and File Contents ಎಂಬ ಎರಡು ಆಯ್ಕೆಗಳಿರುವುದು ಇದೇ ಕಾರಣಕ್ಕೆ.

ಹೊರಬಂದ ಪದಗಳನ್ನು ನೇರವಾಗಿ ದೊಡ್ಡ ಸೂಚಿಗೆ ತುರುಕುವಂತಿಲ್ಲ. ಅರ್ಜಿಯಲ್ಲಿ ಇನ್ನೂರು ಬೇರೆ ಬೇರೆ ಪದಗಳಿದ್ದರೆ, ಇನ್ನೂರು ಪಟ್ಟಿಗಳನ್ನು ಡಿಸ್ಕಿನ ಇನ್ನೂರು ಮೂಲೆಗಳಲ್ಲಿ ತಿದ್ದಬೇಕಾಗುತ್ತದೆ. ಹಾಗಾಗಿ ಇಂಥ ಸೂಚಿಗಳಲ್ಲಿ ಹೊಸ ಪದಗಳು ಮೊದಲು ಮೆಮೊರಿಯಲ್ಲಿ ಒಂದು ಸಣ್ಣ ಸೂಚಿಯಾಗಿ ಸೇರಿಕೊಳ್ಳುತ್ತವೆ. ಅದು ತುಂಬಿದಾಗ ಡಿಸ್ಕಿಗೆ ಒಟ್ಟಾಗಿ ಹೋಗುತ್ತದೆ, ಮುಂದೆ ಬಿಡುವಿನಲ್ಲಿ ಹಲವು ಸಣ್ಣ ಸೂಚಿಗಳು ಬೆರೆತು ಒಂದು ದೊಡ್ಡದಾಗುತ್ತವೆ. ಅಲ್ಲಿಯವರೆಗೆ ಹುಡುಕಾಟ ದೊಡ್ಡದನ್ನೂ ಸಣ್ಣದನ್ನೂ ಒಟ್ಟಿಗೇ ನೋಡುತ್ತದೆ. ಅಳಿಸಿದ ಫೈಲಿನ ಸಂಖ್ಯೆಯನ್ನು ಸಾವಿರಾರು ಪಟ್ಟಿಗಳಿಂದ ಕೂಡಲೇ ಕಿತ್ತುಹಾಕುವುದಿಲ್ಲ; ‘ಇಲ್ಲ’ ಎಂದು ಗುರುತು ಹಾಕಿ, ಬೆರೆಸುವಾಗ ಬಿಟ್ಟುಬಿಡಲಾಗುತ್ತದೆ.

ಇಷ್ಟೆಲ್ಲ ಕೆಲಸ ಬಳಸುವವರಿಗೆ ಗೊತ್ತಾಗದಿರುವುದು ಹೇಗೆ? ಸಿಪಿಯು ಸರದಿಯಲ್ಲಿ ಹಿಂದೆ ನಿಲ್ಲಿಸಿದರೆ ಮಾತ್ರ ಸಾಲದು. ಕಂಪ್ಯೂಟರ್ ನಿಧಾನವಾಯಿತು ಎಂದು ಅನ್ನಿಸುವುದು ಹೆಚ್ಚಾಗಿ ಡಿಸ್ಕಿಗಾಗಿ ಕಾಯುವಾಗ, ಮತ್ತು ಸೂಚಿ ಕಟ್ಟುವ ಕೆಲಸವೆಂದರೆ ಮುಖ್ಯವಾಗಿ ಡಿಸ್ಕಿನದೇ ಕೆಲಸ. 2007ರಲ್ಲಿ ಮಾರುಕಟ್ಟೆಗೆ ಬಂದ ವಿಂಡೋಸ್ ವಿಸ್ಟಾ ಇದಕ್ಕಾಗಿಯೇ ಡಿಸ್ಕಿನ ಬೇಡಿಕೆಗಳಿಗೂ ಆದ್ಯತೆಯ ದರ್ಜೆಗಳನ್ನು ತಂದಿತು. ವರ್ಡ್ ಅಥವಾ ಬ್ರೌಸರಿನ ಬೇಡಿಕೆ ಇರುವಾಗ ಹಿನ್ನೆಲೆಯ ಬೇಡಿಕೆ ಪಕ್ಕಕ್ಕೆ ಸರಿಯುತ್ತದೆ. ಇದರ ಜೊತೆಗೆ ಸೇವೆ ತಾನಾಗಿಯೂ ಹಿಂದೆ ಸರಿಯುತ್ತದೆ: ಯಾರಾದರೂ ಕೀಲಿಮಣೆ, ಮೌಸ್ ಬಳಸುತ್ತಿದ್ದರೆ ವೇಗ ತಗ್ಗಿಸುತ್ತದೆ. ಆಗ Indexing Options ಕಿಟಕಿಯಲ್ಲಿ Indexing speed is reduced due to user activity ಎಂಬ ಸಾಲು ಕಾಣುತ್ತದೆ. ಅದು ದೋಷವಲ್ಲ, ವ್ಯವಸ್ಥೆ ಸರಿಯಾಗಿ ನಡೆಯುತ್ತಿದೆ ಎಂಬುದರ ಗುರುತು. ಕೆಲಸ ಮುಗಿದಾಗ Indexing complete ಎಂದಿರುತ್ತದೆ.

ಕೆಡುವುದು ಹೆಚ್ಚಾಗಿ ಎರಡು ಕಡೆ. ಜರ್ನಲಿಗೆ ಗಾತ್ರದ ಮಿತಿಯಿದೆ. ಅದು 32 ಎಂಬಿ ಎಂದಾದರೆ, ನೂರು ಬೈಟಿನ ಲೆಕ್ಕದಲ್ಲಿ ಮೂರು ಲಕ್ಷದಷ್ಟು ನಮೂದುಗಳು ಹಿಡಿಯುತ್ತವೆ. ಒಂದು ಸಲ ಫೈಲ್ ಉಳಿಸಿದರೆ ಹಲವು ನಮೂದುಗಳಾಗುವುದೂ ಉಂಟು. ಮಿತಿ ಮೀರಿದಾಗ ಹಳೆಯವು ಬಿದ್ದುಹೋಗುತ್ತವೆ. ಸರ್ಚ್ ಸೇವೆಯನ್ನು ಬಹುಕಾಲ ನಿಲ್ಲಿಸಿಟ್ಟು ಮತ್ತೆ ಶುರುಮಾಡಿದರೆ, ಅದು ಓದಬೇಕಿದ್ದ ಪುಟಗಳೇ ಇರುವುದಿಲ್ಲ. ಆಗ ಇಡೀ ಜಾಗವನ್ನು ಹೊಸದಾಗಿ ಸುತ್ತಿ ನೋಡುವುದು ಬಿಟ್ಟು ದಾರಿಯಿಲ್ಲ, ಡಿಸ್ಕ್ ಗಂಟೆಗಟ್ಟಲೆ ಓಡುತ್ತದೆ. ಜರ್ನಲಿನ ಮಿತಿ, ಮೊದಲ ಮತ್ತು ಮುಂದಿನ ನಮೂದಿನ ಸಂಖ್ಯೆಗಳನ್ನು ಅಡ್ಮಿನಿಸ್ಟ್ರೇಟರ್ ಆಗಿ ಈ ಆದೇಶ ಕೊಟ್ಟು ನೋಡಬಹುದು:

```
fsutil usn queryjournal C:
```

ಎರಡನೆಯದು ಸೂಚಿಗೆ ಸೇರಿಸಿದ ಫೈಲುಗಳ ಸಂಖ್ಯೆ. ಮೈಕ್ರೋಸಾಫ್ಟ್ ಪ್ರಕಾರ ಬಹುತೇಕರದು 30,000ದೊಳಗೇ ಇರುತ್ತದೆ. ನಾಲ್ಕು ಲಕ್ಷ ದಾಟಿದರೆ ನಿಧಾನವಾಗುವ ಸಂಭವವಿದೆ. ಸಾಫ್ಟ್‌ವೇರ್ ಬರೆಯುವವರ ಯಂತ್ರದಲ್ಲಿ ಸಣ್ಣ ಸಣ್ಣ ಸಾವಿರಾರು ಫೈಲುಗಳಿರುವ ಫೋಲ್ಡರುಗಳನ್ನು ಹೊರಗಿಡುವುದೇ ಇದಕ್ಕೆ ಮದ್ದು. ಸೂಚಿಯಿರುವ Windows.edb ಫೈಲ್ (ವಿಂಡೋಸ್ 11ರಲ್ಲಿ Windows.db) ಹಲವು ಜಿಬಿ ಬೆಳೆದಿದ್ದರೆ, ಅಥವಾ ಕಣ್ಣೆದುರೇ ಇರುವ ಫೈಲ್ ಹುಡುಕಾಟದಲ್ಲಿ ಬಾರದಿದ್ದರೆ, Advanced ಗುಂಡಿಯ ಒಳಗಿನ Rebuild ಒತ್ತಿ ಸೂಚಿಯನ್ನು ಬುಡದಿಂದ ಕಟ್ಟಿಸಬಹುದು. ಅದು ಮುಗಿಯುವವರೆಗೆ ಹುಡುಕಾಟ ಅರೆಬರೆಯಾಗಿರುತ್ತದೆ.

ಸೂಚಿಯಲ್ಲಿ ಇಲ್ಲದ್ದು ಹುಡುಕಾಟದಲ್ಲಿ ಸಿಗುವುದಿಲ್ಲ, ಅದಕ್ಕೆ ವೇಗದ ಯಂತ್ರ ಪರಿಹಾರವಲ್ಲ. ಸ್ಕ್ಯಾನ್ ಮಾಡಿದ ಪಹಣಿಯ ಪಿಡಿಎಫ್‌ನಲ್ಲಿ ಇರುವುದು ಚಿತ್ರ. ಅಕ್ಷರ ಗುರುತಿಸುವ ತಂತ್ರಾಂಶದಿಂದ ಪಠ್ಯ ಸೇರಿಸದಿದ್ದರೆ ಫಿಲ್ಟರಿಗೆ ಅಲ್ಲಿ ಏನೂ ಸಿಗದು. ಕನ್ನಡಕ್ಕೆ ಇನ್ನೊಂದು ತೊಡಕಿದೆ. ಸೂಚಿಯ ಪದಗಳು ಕ್ರಮವಾಗಿ ಜೋಡಣೆಯಾಗಿರುವುದರಿಂದ ಪದದ ಆರಂಭದಿಂದ ಹುಡುಕುವುದು ಸುಲಭ. ‘ಅರ್ಜಿ’ ಎಂದರೆ ‘ಅರ್ಜಿಯನ್ನು’ ಕೂಡ ಸಿಗುತ್ತದೆ. ಆದರೆ ‘ಊರು’ ಎಂದು ಬರೆದರೆ ‘ಊರಿನಲ್ಲಿ’ ಸಿಗದು, ಏಕೆಂದರೆ ಉಕಾರದ ಜಾಗದಲ್ಲಿ ಇಕಾರ ಬಂದಿದೆ. ‘ಊರ’ ಎಂದಷ್ಟೇ ಬರೆಯುವುದು ಒಳ್ಳೆಯದು. ‘ಬೆಳೆವಿಮೆ’ ಎಂದು ಕೂಡಿಸಿ ಬರೆದ ಪದವನ್ನು ‘ವಿಮೆ’ ಎಂದು ಹುಡುಕಿದರೂ ಇದೇ ನಿರಾಸೆ.

ಇದಕ್ಕಿಂತ ದೊಡ್ಡ ನಷ್ಟ ಯೂನಿಕೋಡ್‌ಗೆ ಮುಂಚಿನ ನುಡಿ, ಬರಹ ಫಾಂಟುಗಳಲ್ಲಿ ಬರೆದ ಫೈಲುಗಳದು. ಪರದೆಯ ಮೇಲೆ ‘ಕನ್ನಡ’ ಎಂದು ಕಾಣುವ ಪದ ನುಡಿಯ ಹಳೆಯ ಫೈಲಿನೊಳಗೆ ಇರುವುದು PÀ£ÀßqÀ ಎಂಬ ರೂಪದಲ್ಲಿ. ಫಿಲ್ಟರಿಗೆ ಫಾಂಟ್ ಕಾಣುವುದಿಲ್ಲ, ಸಂಕೇತ ಮಾತ್ರ ಕಾಣುತ್ತದೆ. ಸೂಚಿಗೆ ಸೇರುವುದೂ ಅದೇ. ಅಂಥ ಹಳೆಯ ಕಥೆ, ಲೇಖನ, ಕಚೇರಿ ಪತ್ರಗಳನ್ನು ಇಟ್ಟುಕೊಂಡಿರುವವರು ಅವನ್ನು ಪರಿವರ್ತಕ ತಂತ್ರಾಂಶದಿಂದ ಯೂನಿಕೋಡ್‌ಗೆ ಬದಲಿಸಿ ಉಳಿಸಬೇಕು. ಉಳಿಸಿದ ಹೊತ್ತಿಗೇ ಜರ್ನಲಿನಲ್ಲಿ ನಮೂದಾಗುತ್ತದೆ, ಸೂಚಿಗೆ ಸೇರುವ ಕೆಲಸ ತಾನಾಗಿ ನಡೆಯುತ್ತದೆ.