ದರ ಇಳಿಸುವುದಾದರೆ ಕೆಲಸವೂ ಇಳಿಯಲಿ

ಎರಡು ದಿನದ ಮದುವೆಗೆ ಫೋಟೋಗ್ರಾಫರ್ 90,000 ರೂಪಾಯಿ ಹೇಳಿದ್ದಾರೆ ಎನ್ನಿ. ಹುಡುಗಿಯ ತಂದೆ, ‘ಎಪ್ಪತ್ತಕ್ಕೆ ಮುಗಿಸಿಕೊಡಿ’ ಎನ್ನುತ್ತಾರೆ. ಸುಮ್ಮನೆ ಒಪ್ಪಿದರೆ ಮೊದಲು ಹೇಳಿದ ದರವೇ ಹುಸಿ ಎಂದಾಗುತ್ತದೆ. ಮತ್ತಷ್ಟು ಚೌಕಾಸಿಗೂ ದಾರಿಯಾಗುತ್ತದೆ.

ಬದಲಿಗೆ ಹೀಗೆನ್ನಬಹುದು: ‘ಇಷ್ಟೇ ಕೆಲಸಕ್ಕೆ ದರ ಇಳಿಸಲು ಆಗೋದಿಲ್ಲ ಸರ್. ಎಪ್ಪತ್ತೇ ನಿಮ್ಮ ಬಜೆಟ್ ಆದರೆ, ಆರತಕ್ಷತೆಗೆ ಕ್ಯಾಂಡಿಡ್ ಫೋಟೋಗ್ರಾಫರ್ ಬೇಡ, ಆಲ್ಬಂ 40 ಹಾಳೆಯ ಬದಲು 25 ಇರಲಿ. ಮುಹೂರ್ತಕ್ಕೆ ಪೂರ್ತಿ ತಂಡ ಬರುತ್ತದೆ.’

ಕಡಿತ ಗಿರಾಕಿಯ ಕಣ್ಣಿಗೆ ಕಾಣಬೇಕು, ನಿಮ್ಮ ಖರ್ಚನ್ನೂ ಉಳಿಸಬೇಕು. ಹೆಚ್ಚುವರಿ ಕ್ಯಾಮೆರಾ, ಚಿತ್ರಗಳ ಬ್ಯಾಕಪ್ ಮಾತ್ರ ಬಿಡಬಾರದು: ಕಾರ್ಡ್ ಕೆಟ್ಟರೆ ತಾಳಿ ಕಟ್ಟಿದ ಕ್ಷಣ ಮತ್ತೆ ಸಿಗದು. ಬಿಟ್ಟಿದ್ದೇನು, ಉಳಿದಿದ್ದೇನು ಎಂಬುದನ್ನು ಮುಂಗಡ ಪಡೆಯುವ ಮುನ್ನವೇ ವಾಟ್ಸ್ಆ್ಯಪ್‌ನಲ್ಲಿ ಬರೆದು ಕಳಿಸಿ, ಒಪ್ಪಿಗೆ ಪಡೆಯಿರಿ.