ಫೋನ್ ಕರೆಗೆ ಮುಂಚೆ ‘ಬಜೆಟ್ ಎಷ್ಟು?’

‘ನಿಮ್ಮ ಪ್ರೊಫೈಲ್ ನೋಡಿದೆ, ಒಳ್ಳೆಯ ಓಪನಿಂಗ್ ಇದೆ, ಐದು ನಿಮಿಷ ಮಾತಾಡಬಹುದಾ?’ ಬೆಂಗಳೂರಿನ ಐಟಿ ಉದ್ಯೋಗಿಗಳಿಗೆ ಇಂಥ ಸಂದೇಶ ಹೊಸದಲ್ಲ. ಒಪ್ಪಿ ಫೋನ್ ಎತ್ತಿದರೆ ಮೊದಲ ಪ್ರಶ್ನೆಗಳು ಬಹುತೇಕ ಒಂದೇ: ಈಗಿನ ಸಿಟಿಸಿ ಎಷ್ಟು, ನಿರೀಕ್ಷೆ ಎಷ್ಟು, ನೋಟಿಸ್ ಪೀರಿಯಡ್ ಎಷ್ಟು ದಿನ? ಕೆಲಸ ಏನು, ಅದಕ್ಕೆ ಕಂಪನಿ ಎತ್ತಿಟ್ಟಿರುವ ಹಣ ಎಷ್ಟು ಎಂಬ ಮಾತು ಕೊನೆಗೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ.

ಈ ಅನುಕ್ರಮದಿಂದ ಅಭ್ಯರ್ಥಿಗೆ ನಷ್ಟವಾಗಬಹುದು.

ಒಂದು ಲೆಕ್ಕ ನೋಡಿ. ಐದು ವರ್ಷ ಅನುಭವವಿರುವ ಒಬ್ಬ ಟೆಸ್ಟರ್‌ಗೆ ಈಗ ವರ್ಷಕ್ಕೆ 12 ಲಕ್ಷ ಸಂಬಳ ಎಂದುಕೊಳ್ಳೋಣ. ಹೊಸ ಹುದ್ದೆಗೆ ಕಂಪನಿ ಇಟ್ಟಿರುವ ಬ್ಯಾಂಡ್ 18ರಿಂದ 22 ಲಕ್ಷ. ಅದು ತಿಳಿಯದ ಟೆಸ್ಟರ್ ಮೊದಲೇ ‘12’ ಎಂದುಬಿಟ್ಟರೆ, ಮುಂದಿನ ಚರ್ಚೆಯೆಲ್ಲ ಅದರ ಮೇಲೆ ಎಷ್ಟು ಶೇಕಡಾ ಹೈಕ್ ಎಂಬುದರ ಸುತ್ತ ತಿರುಗುತ್ತದೆ. ಶೇ 30ರಷ್ಟು ಹೆಚ್ಚಿಸಿದರೂ ಸಿಗುವುದು 15 ಲಕ್ಷ 60 ಸಾವಿರ, ಅಂದರೆ ಬ್ಯಾಂಡಿನ ಕೆಳ ಅಂಚಿಗಿಂತ 2 ಲಕ್ಷ 40 ಸಾವಿರ ಕಡಿಮೆ. ಬ್ಯಾಂಡ್ ಮೊದಲೇ ಗೊತ್ತಿದ್ದರೆ ಚೌಕಾಸಿ 18ರಿಂದ ಶುರುವಾಗುತ್ತಿತ್ತು.

ಹಾಗಾದರೆ ಕೇಳುವುದು ಹೇಗೆ? ಉದ್ದುದ್ದ ಬರೆಯಬೇಕಿಲ್ಲ. ‘ಸಂಪರ್ಕಿಸಿದ್ದಕ್ಕೆ ಧನ್ಯವಾದ. ನನಗೆ ಆಸಕ್ತಿ ಇದೆ. ಕಂಪನಿಯ ಹೆಸರು, ಜೆಡಿ ಮತ್ತು ಈ ಹುದ್ದೆಯ ಬಜೆಟ್ ಕಳಿಸಿದರೆ ನೋಡಿ, ನಾಳೆ ಸಂಜೆ ಆರರ ನಂತರ ಮಾತಾಡುತ್ತೇನೆ. ನನ್ನ ಅನುಭವ ಐದು ವರ್ಷ, ನೋಟಿಸ್ 60 ದಿನ.’ ಇಷ್ಟು ಸಾಕು. ಕೇಳುವುದರ ಜೊತೆಗೆ ರಿಕ್ರೂಟರ್‌ಗೆ ಬೇಕಾದ ಎರಡು ವಿವರ ಕೊಟ್ಟದ್ದರಿಂದ ಮಾತು ಒರಟೆನಿಸುವುದಿಲ್ಲ. ಸಮಯ ಹೇಳಿದ್ದರಿಂದ ತಪ್ಪಿಸಿಕೊಳ್ಳುತ್ತಿದ್ದಾರೆ ಎಂದೂ ಅನಿಸುವುದಿಲ್ಲ.

ಕೆಲವರು ಕಂಪನಿಯ ಹೆಸರು ಹೇಳಲು ಹಿಂಜರಿಯುವುದಕ್ಕೆ ಕಾರಣವಿದೆ. ಕನ್ಸಲ್ಟೆನ್ಸಿಯವರಿಗೆ ಹಣ ಬರುವುದು ಅವರ ಮೂಲಕ ಹೋದ ಅಭ್ಯರ್ಥಿ ಕೆಲಸಕ್ಕೆ ಸೇರಿದಾಗ. ಹೆಸರು ತಿಳಿದವರು ನೇರವಾಗಿ ಅರ್ಜಿ ಹಾಕಿಬಿಟ್ಟರೆ ಆ ಶುಲ್ಕ ಕೈತಪ್ಪುತ್ತದೆ. ಆದರೆ ಹೆಸರಿಲ್ಲದ ಜೆಡಿ ಮತ್ತು ಬಜೆಟ್ ಕೊಡಲು ಈ ಅಡ್ಡಿ ಇಲ್ಲ. ರೆಸ್ಯೂಮೆಯನ್ನು ಕಂಪನಿಗೆ ಕಳಿಸುವ ಮುನ್ನವಂತೂ ಹೆಸರು ತಿಳಿಯಲೇಬೇಕು. ಒಂದೇ ರೆಸ್ಯೂಮೆ ಇಬ್ಬರು ಕನ್ಸಲ್ಟೆಂಟರಿಂದ ಹೋದರೆ ಶುಲ್ಕ ಯಾರಿಗೆಂಬ ಜಗಳ ಹುಟ್ಟಿ, ಅಭ್ಯರ್ಥಿಯನ್ನೇ ಪಕ್ಕಕ್ಕಿಡುವುದುಂಟು.

ಬಂದ ಉತ್ತರವನ್ನೂ ಅಳೆದು ನೋಡಬೇಕು. ‘ಮಾರ್ಕೆಟ್ ಸ್ಟ್ಯಾಂಡರ್ಡ್ ಪ್ರಕಾರ’ ಎಂಬುದು ಉತ್ತರವೇ ಅಲ್ಲ. ‘10ರಿಂದ 30 ಲಕ್ಷ’ ಎಂದರೂ ಏನೂ ಹೇಳಿದಂತಾಗಲಿಲ್ಲ. ‘ನನ್ನಷ್ಟು ಅನುಭವದವರಿಗೆ ಎಷ್ಟರವರೆಗೆ?’ ಎಂದು ಮತ್ತೊಮ್ಮೆ ಕೇಳಬಹುದು. ಜೆಡಿಯಲ್ಲಿ ಊರು, ಶಿಫ್ಟ್, ವಾರಕ್ಕೆ ಎಷ್ಟು ದಿನ ಆಫೀಸು ಎಂಬುದರ ಜೊತೆಗೆ ಕೆಲಸ ಕಂಪನಿಯ ಪೇರೋಲ್‌ನಲ್ಲೋ, ಥರ್ಡ್ ಪಾರ್ಟಿ ಪೇರೋಲ್‌ನಲ್ಲೋ ಎಂದು ನೋಡುವುದು ಮುಖ್ಯ.

ಸಿಟಿಸಿಯ ಅಂಕಿಯೂ ಕೈಗೆ ಬರುವ ಹಣವಲ್ಲ. 18 ಲಕ್ಷವನ್ನು 12ರಿಂದ ಭಾಗಿಸಿದರೆ ತಿಂಗಳಿಗೆ ಒಂದೂವರೆ ಲಕ್ಷ. ಅದರಲ್ಲಿ ಶೇ 10 ವೇರಿಯಬಲ್ ಎಂದಾದರೆ 1.8 ಲಕ್ಷ ಸಾಧನೆ ನೋಡಿ ಕೊಡುವ ಹಣ. ಮೂಲವೇತನ 7.5 ಲಕ್ಷವಿದ್ದು, ಅದರ ಮೇಲೆ ಕಂಪನಿ ಕಟ್ಟುವ ಶೇ 12ರ ಪಿಎಫ್ 90 ಸಾವಿರ, ಗ್ರಾಚ್ಯುಟಿಗೆ ಸುಮಾರು 36 ಸಾವಿರ ಎಂದು ಸಿಟಿಸಿಯಲ್ಲೇ ಸೇರಿಸಿದ್ದರೆ, ತಿಂಗಳಿಗೆ ಉಳಿಯುವುದು ಸುಮಾರು 1.25 ಲಕ್ಷ. ಉದ್ಯೋಗಿಯ ಪಾಲಿನ ಪಿಎಫ್ ಮತ್ತು ತೆರಿಗೆ ಇದರಲ್ಲೂ ಕಡಿತವಾಗುತ್ತದೆ. ಆದ್ದರಿಂದ ಬಜೆಟ್ ಕೇಳುವಾಗಲೇ ‘ಫಿಕ್ಸೆಡ್ ಎಷ್ಟು, ವೇರಿಯಬಲ್ ಎಷ್ಟು?’ ಎಂದು ಸೇರಿಸುವುದು ಒಳ್ಳೆಯದು.

ಕ್ಯಾಲಿಫೋರ್ನಿಯಾದಲ್ಲಿ 2023ರ ಜನವರಿ 1ರಿಂದ 15 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳು ಉದ್ಯೋಗ ಜಾಹೀರಾತಿನಲ್ಲೇ ಸಂಬಳದ ವ್ಯಾಪ್ತಿ ಹೇಳಬೇಕು. ಯುರೋಪಿಯನ್ ಒಕ್ಕೂಟ 2023ರಲ್ಲಿ ಹೊರಡಿಸಿದ ನಿರ್ದೇಶನದ ಪ್ರಕಾರ ಅಭ್ಯರ್ಥಿಗೆ ಆರಂಭಿಕ ಸಂಬಳ ಅಥವಾ ಅದರ ವ್ಯಾಪ್ತಿ ತಿಳಿಯುವ ಹಕ್ಕಿದೆ. ಹಿಂದಿನ ಸಂಬಳವನ್ನು ಕೇಳುವಂತಿಲ್ಲ. ಇದನ್ನು ಕಾನೂನಾಗಿಸಲು ಸದಸ್ಯ ದೇಶಗಳಿಗೆ ಕೊಟ್ಟ ಗಡುವು 2026ರ ಜೂನ್ 7. ಭಾರತದಲ್ಲಿ ಅಂಥ ಕಾಯ್ದೆ ಇಲ್ಲ. ಇಲ್ಲಿ ಅಭ್ಯರ್ಥಿಯೇ ಬಾಯಿಬಿಟ್ಟು ಕೇಳಬೇಕು.

ಎಲ್ಲರಿಗೂ ಇದು ಒಂದೇ ರೀತಿ ಫಲಿಸುವುದಿಲ್ಲ. ಕಾಲೇಜಿನಿಂದ ಈಗಷ್ಟೇ ಹೊರಬಂದವರಿಗೆ ಸಂಬಳ ಮೊದಲೇ ನಿಗದಿಯಾಗಿರುತ್ತದೆ. ಕೆಲಸವಿಲ್ಲದೆ ಕೂತವರು ಕರೆಯನ್ನು ಮುಂದೂಡುವುದು ಕಷ್ಟ. ಕೆಲವು ರಿಕ್ರೂಟರ್‌ಗಳು ಅಂಕಿಯನ್ನು ಬರೆದು ಕೊಡುವುದಿಲ್ಲ, ಬಾಯಲ್ಲಿ ಹೇಳುತ್ತಾರೆ. ಅಂಥ ಕರೆಗೆ ಒಪ್ಪಿ, ಮೊದಲ ನಿಮಿಷದಲ್ಲೇ ಬಜೆಟ್ ಕೇಳಿ. ಮಾತು ಮುಗಿದ ಮೇಲೆ ಅದನ್ನು ಇಮೇಲ್‌ನಲ್ಲಿ ಬರೆದು ಕಳಿಸಿ, ಸರಿ ಎಂಬ ಉತ್ತರ ಪಡೆದಿಟ್ಟುಕೊಳ್ಳಿ. ಆಫರ್ ಲೆಟರ್ ಬಂದಾಗ ಅಂಕಿಗಳನ್ನು ಹೋಲಿಸಿ ನೋಡಲು ಅದು ಬೇಕಾಗುತ್ತದೆ.