ರೇಟು ಬೀಳುವ ಮುಂಚೆ, ಬಿದ್ದ ಮೇಲೆ: ಕೊನೆ ಗಳಿಗೆಯ ಸುದ್ದಿ ಮತ್ತು ಪಣದ ಲೆಕ್ಕ

ಐಪಿಎಲ್ ಬಂತೆಂದರೆ ಕುರುಬರಹಳ್ಳಿ ಸರ್ಕಲ್ಲಿನ ಟೀ ಅಂಗಡಿಗಳಲ್ಲಿ ಆರ್‌ಸಿಬಿಯ ಹನ್ನೊಂದು ಮಂದಿ ಯಾರು ಎನ್ನುವುದರ ಜೊತೆಗೇ ‘ರೇಟು’ ಎಷ್ಟು ಎನ್ನುವ ಮಾತೂ ಕಿವಿಗೆ ಬೀಳುತ್ತದೆ. ಇದೇ ರೇಟಿನ ಮಾತು ಕಾನೂನಿನ ಚೌಕಟ್ಟಿನೊಳಗೆ ನಡೆಯುವ ಜಾಗ ಇಲ್ಲಿಂದ ಬಹಳ ದೂರವಿಲ್ಲ. ಅದು ರೇಸ್‌ಕೋರ್ಸ್ ರಸ್ತೆಯ ಬೆಂಗಳೂರು ಟರ್ಫ್ ಕ್ಲಬ್. ಆಟಗಾರನಿಗೆ ಗಾಯ, ಜಾಕಿ ಬದಲು, ಕುದುರೆ ಹಿಂದಕ್ಕೆ ಎಂಬ ಸುದ್ದಿ ಕೊನೆ ಗಳಿಗೆಯಲ್ಲಿ ಬಂದಾಗ ರೇಟು ಏಕೆ ಕುಣಿಯುತ್ತದೆ, ಹಣ ಕಟ್ಟಿದ ಹೊತ್ತಿಗೂ ಲಾಭ ನಷ್ಟಕ್ಕೂ ಏನು ನಂಟು ಎಂಬ ಬಗ್ಗೆ ಹಲವು ತಪ್ಪು ಕಲ್ಪನೆಗಳಿವೆ.

ತಪ್ಪು ಕಲ್ಪನೆ 1: ದೊಡ್ಡ ಆಟಗಾರ ಆಡುತ್ತಿಲ್ಲ ಎಂದು ಗೊತ್ತಾದ ಕೂಡಲೇ ಎದುರಾಳಿ ಮೇಲೆ ಕಟ್ಟಿದರೆ ಲಾಭ.

ವಾಸ್ತವ: ಸುದ್ದಿಗೆ ಬೆಲೆ ಇರುವುದು ಅದು ರೇಟಿನಲ್ಲಿ ಸೇರಿಕೊಳ್ಳುವವರೆಗೆ ಮಾತ್ರ. 2025ರ ಮೇ 27ರಂದು ಲಖನೌದಲ್ಲಿ ಆರ್‌ಸಿಬಿ ಪರ ಟಾಸ್‌ಗೆ ಬಂದವರು ಜಿತೇಶ್ ಶರ್ಮಾ. ನಾಯಕ ರಜತ್ ಪಾಟಿದಾರ್ ಬೆರಳಿನ ಗಾಯದಿಂದಾಗಿ ಇಂಪ್ಯಾಕ್ಟ್ ಆಟಗಾರನಾಗಿ ಬ್ಯಾಟಿಂಗ್‌ಗೆ ಮಾತ್ರ ಬಂದರು. ಆದರೆ ಆ ಗಾಯ ಅಂದಿನದಲ್ಲ. ಅದು ಮೇ ಆರಂಭದಲ್ಲಿ ಚೆನ್ನೈ ವಿರುದ್ಧದ ಪಂದ್ಯದಲ್ಲಿ ಆದದ್ದು, ಹಿಂದಿನ ಪಂದ್ಯದಲ್ಲೂ ಜಿತೇಶರೇ ನಾಯಕರಾಗಿದ್ದರು. ಟಾಸ್ ಹೊತ್ತಿಗೆ ಅದನ್ನು ಕೇಳಿ ಚುರುಕಾದವನು ಎಲ್ಲರಿಗೂ ಗೊತ್ತಿದ್ದ ಸಂಗತಿಗೆ ಹೊಸ ಸುದ್ದಿಯ ಬೆಲೆ ತೆರುತ್ತಿದ್ದ.

ಇನ್ನೊಂದು ವಿಷಯ. ರೇಟು ಆಡದವನ ಹೆಸರಿನ ಮೇಲಷ್ಟೇ ನಿಲ್ಲುವುದಿಲ್ಲ, ಅವನಿಗೂ ಅವನ ಜಾಗಕ್ಕೆ ಬಂದವನಿಗೂ ಇರುವ ಅಂತರದ ಮೇಲೆ ನಿಲ್ಲುತ್ತದೆ. ಗೆಲ್ಲುವ ಸಾಧ್ಯತೆ ನೂರಕ್ಕೆ ಐವತ್ತರಿಂದ ನಲವತ್ತೈದಕ್ಕೆ ಇಳಿದರೆ, ನ್ಯಾಯವಾದ ರೇಟು ಒಂದು ರೂಪಾಯಿಗೆ ಒಂದು ಇದ್ದದ್ದು ಸುಮಾರು 1.22 ಆಗುತ್ತದೆ, ಅಷ್ಟೇ. ಜನ ಕಲ್ಪಿಸಿಕೊಳ್ಳುವ ಕುಸಿತ ಇದಕ್ಕಿಂತ ಎಷ್ಟೋ ದೊಡ್ಡದು. ಲಖನೌದಲ್ಲಿ ಅಂದು ಆರ್‌ಸಿಬಿ 228ರ ಗುರಿ ಮುಟ್ಟಿ ಗೆದ್ದಿತು. ಜಿತೇಶ್ 33 ಎಸೆತಗಳಲ್ಲಿ ಔಟಾಗದೆ 85 ಹೊಡೆದರು.

ತಪ್ಪು ಕಲ್ಪನೆ 2: ರೇಟು ದಿಢೀರ್ ಬಿದ್ದಿದೆ ಎಂದರೆ ಒಳಗಿನವರಿಗೆ ಗೊತ್ತಿದೆ, ನಾವೂ ಹಿಂದೆಯೇ ಕಟ್ಟಬೇಕು.

ವಾಸ್ತವ: ಕುದುರೆ ಬಾಲಕ್ಕೆ ದುಡ್ಡು ಕಟ್ಟುವವರು ಹೆಚ್ಚು ಕೈ ಸುಟ್ಟುಕೊಳ್ಳುವುದು ಇಲ್ಲೇ. ಒಂದು ಕುದುರೆಗೆ ಬೆಳಗ್ಗೆ ‘ಒಂದಕ್ಕೆ ಐದು’ ರೇಟು ಇತ್ತು ಎಂದುಕೊಳ್ಳಿ. ಮಧ್ಯಾಹ್ನ ಅದರ ಜಾಕಿ ಬದಲಾಗಿ ಅನುಭವಿ ಸವಾರ ಏರುತ್ತಾನೆ. ಈಗ ಅದು ಗೆಲ್ಲುವ ನಿಜವಾದ ಸಾಧ್ಯತೆ ನಾಲ್ಕರಲ್ಲಿ ಒಂದು. ಜನ ಮುಗಿಬಿದ್ದು ರೇಟು ‘ಒಂದಕ್ಕೆ ಎರಡು’ ಆಗುತ್ತದೆ.

ಐದರ ರೇಟಿಗೆ ತಲಾ 100 ರೂಪಾಯಿಯಂತೆ ಇಂಥ ನಾಲ್ಕು ಪಣ ಕಟ್ಟಿದವನಿಗೆ ಸರಾಸರಿ ಒಂದು ಗೆಲ್ಲುತ್ತದೆ. 400 ಹಾಕಿದವನ ಕೈಗೆ ಅಸಲೂ ಸೇರಿ 600 ಬರುತ್ತದೆ. ಎರಡರ ರೇಟಿಗೆ ಕಟ್ಟಿದವನಿಗೂ ನಾಲ್ಕರಲ್ಲಿ ಒಂದು ಗೆಲುವು, ಆದರೆ ಕೈಗೆ ಬರುವುದು 300. ಕುದುರೆ ಅದೇ, ಜಾಕಿ ಅವನೇ, ಫಲಿತಾಂಶವೂ ಒಂದೇ. ಒಬ್ಬನಿಗೆ 200 ಲಾಭ, ಇನ್ನೊಬ್ಬನಿಗೆ 100 ನಷ್ಟ. ಬೇರೆಯಾಗಿರುವುದು ಕಟ್ಟಿದ ಹೊತ್ತು ಮಾತ್ರ. ಆದ್ದರಿಂದ ‘ಈ ಕುದುರೆ ಒಳ್ಳೆಯದೇ’ ಎಂದು ಕೇಳುವುದು ಸಾಲದು. ‘ಈಗ ಸಿಗುತ್ತಿರುವ ರೇಟಿಗೆ ಒಳ್ಳೆಯದೇ’ ಎಂದು ಕೇಳಬೇಕು.

ರೇಟು ಬಿದ್ದದ್ದಕ್ಕೆ ಕಾರಣವೇ ಇಲ್ಲದಿರುವುದೂ ಉಂಟು. ನಿಜವಾದ ಬದಲಾವಣೆಯನ್ನು ಕ್ಲಬ್ಬೇ ಮೈದಾನದಲ್ಲಿ ಘೋಷಿಸುತ್ತದೆ. ಬದಲಿ ಜಾಕಿಯ ಹೆಸರು ತಿಳಿಯುತ್ತದೆ. ಘೋಷಣೆಯಿಲ್ಲದೆ ರೇಟು ಮಾತ್ರ ಓಡುತ್ತಿದ್ದರೆ ಅದು ಗಾಳಿಸುದ್ದಿಯಾಗಿರಬಹುದು, ಯಾರೋ ದೊಡ್ಡ ಮೊತ್ತ ಕಟ್ಟಿದ ಪರಿಣಾಮವೂ ಆಗಿರಬಹುದು. ಕ್ರಿಕೆಟ್‌ನಲ್ಲಂತೂ ತಂಡದ ಒಳಸುದ್ದಿಯನ್ನು ಪಣಕ್ಕಾಗಿ ಹೊರಗೆ ಕೊಡುವುದು ಐಸಿಸಿಯ ಭ್ರಷ್ಟಾಚಾರ ತಡೆ ಸಂಹಿತೆಯ ಪ್ರಕಾರ ಅಪರಾಧ.

ತಪ್ಪು ಕಲ್ಪನೆ 3: ಮೊದಲೇ ಒಳ್ಳೆಯ ರೇಟು ಹಿಡಿದರೆ, ಫೇವರಿಟ್ ಕುದುರೆ ಹಿಂದೆ ಸರಿದಾಗ ಬಂಪರ್.

ವಾಸ್ತವ: ಹಾಗಾಗದಿರಲೆಂದೇ ಕಡಿತದ ನಿಯಮ ಹುಟ್ಟಿಕೊಂಡಿದೆ. ಕುದುರೆ ಕುಂಟುತ್ತಿದೆ ಎಂದು ಪಶುವೈದ್ಯರು ಹೇಳಿದರೆ ಓಟಕ್ಕೆ ಮುಂಚೆ ಅದನ್ನು ಕೈಬಿಡಬಹುದು. ಉಳಿದ ಎಲ್ಲ ಕುದುರೆಗಳ ಅವಕಾಶ ಆಗ ಒಮ್ಮೆಗೇ ಏರುತ್ತದೆ. ಹಳೆ ರೇಟನ್ನೇ ಪೂರ್ತಿ ಕೊಟ್ಟರೆ ಬುಕ್ಕಿ ಮುಳುಗುತ್ತಾನೆ. ಬ್ರಿಟನ್‌ನಲ್ಲಿ ಇದಕ್ಕಾಗಿ ಟ್ಯಾಟರ್‌ಸಾಲ್ಸ್ ನಿಯಮ 4 ಎಂಬ ಪ್ರಸಿದ್ಧ ಕೋಷ್ಟಕವಿದೆ. ಅದರ ಪ್ರಕಾರ ‘ಒಂದಕ್ಕೆ ಒಂದು’ ರೇಟಿನ ಕುದುರೆ ಸರಿದರೆ, ಉಳಿದವುಗಳ ಮೇಲೆ ಮೊದಲೇ ಕಟ್ಟಿದವರ ಗೆಲುವಿನ ಹಣದಲ್ಲಿ ನೂರಕ್ಕೆ 45 ಕಡಿತ.

ನೀವು ಬೆಳಗ್ಗೆ ‘ಒಂದಕ್ಕೆ ಒಂಬತ್ತು’ ರೇಟಿಗೆ 1,000 ಕಟ್ಟಿದ್ದು ಗೆದ್ದರೆ 9,000 ಎಣಿಸಿಕೊಂಡಿರುತ್ತೀರಿ. ಆ ನಿಯಮದಂತೆ 4,050 ಕಳೆದು ಸಿಗುವುದು 4,950. ಸರಿದದ್ದು 14ಕ್ಕೂ ಹೆಚ್ಚಿನ ರೇಟಿನ ಬಡ ಕುದುರೆಯಾದರೆ ಕಡಿತವೇ ಇಲ್ಲ. ನಮ್ಮಲ್ಲಿ ಬುಕ್ಕಿ ಯಾವ ಕಡಿತ ಪಾಲಿಸುತ್ತಾನೆ ಎಂದು ಹಣ ಕಟ್ಟುವ ಮೊದಲೇ ಕೇಳಿಕೊಳ್ಳಬೇಕು, ಗೆದ್ದ ಮೇಲಲ್ಲ.

ತಪ್ಪು ಕಲ್ಪನೆ 4: ಟೋಟ್‌ನಲ್ಲೂ ಬೇಗ ಕಟ್ಟಿದವರಿಗೆ ಹೆಚ್ಚು ಸಿಗುತ್ತದೆ.

ವಾಸ್ತವ: ಟೋಟ್‌ನಲ್ಲಿ ಯಾರಿಗೂ ರೇಟು ಕೈಗೆ ಬರುವುದಿಲ್ಲ. ಎಲ್ಲರ ಹಣ ಒಂದೇ ರಾಶಿಗೆ ಬಿದ್ದು, ಕ್ಲಬ್ಬಿನ ಪಾಲು ಕಳೆದು, ಉಳಿದದ್ದು ಗೆದ್ದವರಿಗೆ ಹಂಚಿಕೆಯಾಗುತ್ತದೆ. ಪರದೆಯ ಅಂಕಿ ಆ ಕ್ಷಣದ ಅಂದಾಜು ಮಾತ್ರ. ರಾಶಿ ಒಂದು ಲಕ್ಷ, ಕ್ಲಬ್ಬಿನ ಪಾಲು ನೂರಕ್ಕೆ 20, ನಿಮ್ಮ ಕುದುರೆಯ ಮೇಲೆ 10,000 ಇದೆ ಎಂದಿಟ್ಟುಕೊಳ್ಳಿ. ಪರದೆ ರೂಪಾಯಿಗೆ 8 ತೋರಿಸುತ್ತದೆ. ಜಾಕಿ ಬದಲಾದ ಸುದ್ದಿಗೆ ಕೊನೆ ನಿಮಿಷದಲ್ಲಿ ಅದರ ಮೇಲೆ ಇನ್ನೂ 10,000 ಬಿದ್ದರೆ, ಹಂಚುವ ಹಣ 88,000, ಪಾಲುದಾರರು ಇಮ್ಮಡಿ. ರೂಪಾಯಿಗೆ ಸಿಗುವುದು 4.40. ಒಂದು ಗಂಟೆ ಮುಂಚೆ ಕಟ್ಟಿದವನಿಗೂ ಕೊನೇ ನಿಮಿಷದಲ್ಲಿ ಕಟ್ಟಿದವನಿಗೂ ಅಷ್ಟೇ. ಹಾಗಾಗಿ ಬುಕ್ಕಿಯ ಬಳಿ ಹೊತ್ತು ಎಂದರೆ ರೇಟು. ಟೋಟ್‌ನಲ್ಲಿ ಹೊತ್ತು ಎಂದರೆ ಬರೀ ಮಾಹಿತಿ. ಕಾದವನು ಹೆಚ್ಚು ತಿಳಿದು ಕಟ್ಟುತ್ತಾನೆ, ಬೇಗ ಕಟ್ಟಿದವನಿಗೆ ಏನೂ ಹೆಚ್ಚು ಬರದು.

ತಪ್ಪು ಕಲ್ಪನೆ 5: ಹೊತ್ತಿನ ಲೆಕ್ಕ ಬಲ್ಲವನು ಮೊಬೈಲ್‌ನಲ್ಲೇ ದುಡಿಯಬಹುದು.

ವಾಸ್ತವ: ಕುದುರೆ ಪಂದ್ಯ ಕೌಶಲದ ಆಟವೆಂದು ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿದೆ. ಕ್ರಿಕೆಟ್ ಬೆಟ್ಟಿಂಗ್‌ಗೆ ಆ ರಕ್ಷಣೆಯಿಲ್ಲ. ಟಾಸ್ ಆದ ಮೇಲೆ ತಂಡ ತಿದ್ದಿ ಹಣ ಹಾಕುತ್ತಿದ್ದ ಫ್ಯಾಂಟಸಿ ಆ್ಯಪ್‌ಗಳೂ 2025ರ ಆಗಸ್ಟ್‌ನ ಆನ್‌ಲೈನ್ ಗೇಮಿಂಗ್ ಕಾಯ್ದೆಯ ನಂತರ ಹಣದ ಸ್ಪರ್ಧೆ ನಿಲ್ಲಿಸಿವೆ. ಕಾಯ್ದೆಗೆ ಕೌಶಲವೋ ಅದೃಷ್ಟವೋ ಎಂಬ ಭೇದವಿಲ್ಲ.

ರೇಸ್‌ಕೋರ್ಸ್‌ನಲ್ಲೂ ತೆರಿಗೆ ಕಾದಿರುತ್ತದೆ. 2025ರ ಸೆಪ್ಟೆಂಬರ್ 22ರಿಂದ ಕುದುರೆ ಪಂದ್ಯದ ಮೇಲಿನ ಜಿಎಸ್‌ಟಿ ದರ 28ರಿಂದ 40ಕ್ಕೆ ಏರಿದೆ. ಐದರ ರೇಟಿಗೆ ಕಟ್ಟಿದ ಜಾಣನನ್ನೇ ನೋಡಿ: ಪ್ರತಿ 100ಕ್ಕೆ ಸರಾಸರಿ 150 ಹಿಂದೆ ಪಡೆದವನು ಅವನು. ಪಣದ ಮೇಲೆ 40 ತೆರಿಗೆ ಸೇರಿಸಿದರೆ ಅವನ 50ರ ಲಾಭ 10ಕ್ಕೆ ಇಳಿಯುತ್ತದೆ. ತಡವಾಗಿ ಬಂದವನ ನಷ್ಟ 25 ಇದ್ದದ್ದು 65 ಆಗುತ್ತದೆ. ಸುದ್ದಿಯನ್ನು ಎಲ್ಲರಿಗಿಂತ ಮೊದಲು ಹಿಡಿದವನಿಗೇ ಇಷ್ಟು ಉಳಿಯುವಾಗ, ವಾಟ್ಸಾಪ್‌ನಲ್ಲಿ ‘ಪಕ್ಕಾ ಸುದ್ದಿ’ ಓದಿ ಕಟ್ಟುವವನಿಗೆ ಉಳಿಯುವುದು ಏನೂ ಇಲ್ಲ.